‘ಐತಿ’ ಅಂದರೆ ನಾಲ್ವರು ನಕ್ಕರು, ಒಬ್ಬಳು ನಗಲಿಲ್ಲ: ಒಳಜೋಕುಗಳ ಒಂದು ಪ್ರಕರಣ

ಇದು ಯಾವುದೋ ಒಂದೇ ಮನೆಯ ಕಥೆಯಲ್ಲ. ಹೊಸದಾಗಿ ಮದುವೆಯಾದವರು ಗಂಡನ ಅಥವಾ ಹೆಂಡತಿಯ ಹಳೇ ಗೆಳೆಯರ ನಡುವೆ ಕೂತಾಗ ಮತ್ತೆ ಮತ್ತೆ ಕಾಣಿಸಿಕೊಳ್ಳುವ ತೊಡಕನ್ನು ಒಂದು ಮಾದರಿ ಪ್ರಕರಣವಾಗಿ ಹೆಣೆದಿದ್ದೇವೆ. ಹಾಗಾಗಿ ಯಾರಿಗೂ ಹೆಸರಿಟ್ಟಿಲ್ಲ.

ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್‌ನಲ್ಲಿ ನಾಲ್ಕು ವರ್ಷ ಒಟ್ಟಿಗಿದ್ದ ನಾಲ್ವರು ಗೆಳೆಯರು ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಒಬ್ಬನಿಗೆ ಮದುವೆಯಾಗಿ ಮೂರು ವರ್ಷ, ಇನ್ನೊಬ್ಬನಿಗೆ ಐದು ತಿಂಗಳು. ಈ ಐದು ತಿಂಗಳ ಮದುಮಗಳು ಶಿರಸಿ ಕಡೆಯವಳು, ಅಡಿಕೆ ತೋಟದ ಮನೆಯಲ್ಲಿ ಬೆಳೆದವಳು. ಮಾತುಗಾತಿಯೇ, ತವರಿನಲ್ಲಿ ನಗಿಸುವವಳು ಅಂತಲೇ ಹೆಸರು. ವಿಜಯನಗರದ ಗೆಳೆಯನ ಮನೆಯಲ್ಲಿ ಒಂದು ಭಾನುವಾರ ಮಧ್ಯಾಹ್ನ ಊಟ. ಮನೆಗೆ ವಾಪಸ್ಸು ಬರುವಾಗ ಕಾರಿನಲ್ಲಿ ಮಾತಿಲ್ಲ. ರಾತ್ರಿ ಅವಳು ಹೇಳಿದ್ದಿಷ್ಟು: “ಇನ್ಮೇಲೆ ನಿಮ್ಮ ಫ್ರೆಂಡ್ಸ್ ಮನೆಗೆ ನೀವೊಬ್ರೇ ಹೋಗಿಬನ್ನಿ.” ಅವನ ಉತ್ತರ ಎಲ್ಲ ಗಂಡಂದಿರ ಉತ್ತರ: “ಅವರೇನು ಬೇಕಂತ ಮಾಡಿದ್ರಾ?”

ಬೇಕಂತ ಮಾಡಿರಲಿಲ್ಲ ಎನ್ನುವುದು ನಿಜ. ಆದರೆ ಅದರಿಂದ ಅವಳ ಬೇಸರ ಯಾಕೆ ಕಡಿಮೆಯಾಗುವುದಿಲ್ಲ ಎಂದು ತಿಳಿಯಬೇಕಾದರೆ, ಆ ಮಧ್ಯಾಹ್ನ ಎದ್ದ ನಗೆಯ ಹುಟ್ಟನ್ನು ನೋಡಬೇಕು.

ಬಸ್ಸಿನಲ್ಲಿ ಹುಟ್ಟಿದ್ದು

ಎರಡನೇ ವರ್ಷದಲ್ಲಿ ಈ ನಾಲ್ವರು ಹರಿಹರದಿಂದ ದಾವಣಗೆರೆಗೆ ಬರುವ ಬಸ್ಸಿನಲ್ಲಿ ನಿಂತಿದ್ದರು. ಕಾಲಿಡಲು ಜಾಗವಿಲ್ಲ. ಕಂಡಕ್ಟರ್ ಕೂಗಿದ: “ಮುಂದಕ್ ಹೋಗ್ರಿ ಮುಂದಕ್, ಹಿಂದೆ ಜಾಗ ಐತಿ!” ನಾಲ್ವರಲ್ಲಿ ಒಬ್ಬ, ಕೈಯಲ್ಲಿ ಹಾಸಿಗೆ ಸುರುಳಿ ಹಿಡಿದಿದ್ದವನು, ನಿಜವಾಗಿಯೂ ಗೊಂದಲಕ್ಕೆ ಬಿದ್ದು ಒಂದು ಸುತ್ತು ತಿರುಗಿ, “ಈಗ ಎಲ್ಲಿಗ್ ಹೋಗ್ಲಿ ಸರ್?” ಅಂದ. ಬಸ್ಸಿಗೆ ಬಸ್ಸೇ ನಕ್ಕಿತು.

ಇಲ್ಲಿಗೆ ಇದಿನ್ನೂ ಒಳಜೋಕಲ್ಲ. ಅಲ್ಲಿ ನಕ್ಕ ಎಲ್ಲರೂ ಇಳಿದ ಮೇಲೆ ಅದನ್ನು ಮರೆತಿರುತ್ತಾರೆ. ಆದರೆ ಆ ವಾರದಲ್ಲೇ ಹಾಸ್ಟೆಲ್ ವಾರ್ಡನ್, ಫೀಸ್ ರಸೀದಿ ತಂದರೆ ರೂಮು, ರೂಮ್ ನಂಬರ್ ಬರೆದರೆ ರಸೀದಿ ಅಂದ. ಬಾಗಿಲ ಹೊರಗೆ ಬಂದ ಕೂಡಲೇ ಒಬ್ಬ ಮೆಲ್ಲಗೆ, “ಮುಂದಕ್ ಹೋಗ್ರಿ, ಹಿಂದೆ ಜಾಗ ಐತಿ” ಅಂದ. ಜೋಕು ಹುಟ್ಟಿದ್ದು ಈ ಎರಡನೇ ಸಲ. ಮೊದಲನೆಯದು ಒಂದು ಘಟನೆ ಮಾತ್ರ. ಎರಡನೆಯದು ಆ ಘಟನೆಯನ್ನು ಬೇರೆ ಸಂದರ್ಭಕ್ಕೆ ಎತ್ತಿ ಹಾಕಿತು, ಉಳಿದ ಮೂವರು ಅದನ್ನು ಗುರುತು ಹಿಡಿದರು. ಆ ಗುರುತು ಹಿಡಿಯುವುದರಲ್ಲೇ ಸುಖವಿದೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಗ್ಯಾರಿ ಅಲನ್ ಫೈನ್ ಮಕ್ಕಳ ಬೇಸ್‌ಬಾಲ್ ತಂಡಗಳ ಜೊತೆ ಕಾಲ ಕಳೆದು, ಸಣ್ಣ ಗುಂಪುಗಳಲ್ಲಿ ಇಂಥ ಮಾತುಗಳು ಹೇಗೆ ಉಳಿಯುತ್ತವೆ ಎಂದು 1979ರಲ್ಲಿ ಬರೆದ. ಅವನ ಪ್ರಕಾರ ಐದು ಬಾಗಿಲು ದಾಟಿದ್ದು ಮಾತ್ರ ಉಳಿಯುತ್ತದೆ. ಅದರ ಮೂಲವಸ್ತು ಗುಂಪಿನವರಿಗೆ ಗೊತ್ತಿರಬೇಕು. ಗುಂಪಿನ ನಡುವೆ ಮುಜುಗರವಿಲ್ಲದೆ ಆಡುವಂತಿರಬೇಕು. ಏನಾದರೂ ಉಪಯೋಗಕ್ಕೆ ಬರಬೇಕು. ಗುಂಪಿನೊಳಗಿನ ಮೇಲುಕೆಳಗಿಗೆ ಹೊಂದಬೇಕು. ಅದನ್ನು ಕಿಡಿ ಹೊತ್ತಿಸುವ ಘಟನೆಯೊಂದು ನಡೆಯಬೇಕು. ಬಸ್ಸಿನ ಮಾತು ಐದನ್ನೂ ದಾಟಿತ್ತು. ಉಪಯೋಗದ ಮಾತಂತೂ ಕೇಳಲೇಬೇಡಿ. ವಾರ್ಡನ್, ಪ್ರಿನ್ಸಿಪಾಲ್, ಮುಂದೆ ಆಫೀಸಿನ ಮ್ಯಾನೇಜರ್, ತಲೆಬುಡವಿಲ್ಲದ ಆದೇಶ ಕೊಡುವವರಿಗೆ ಈ ದೇಶದಲ್ಲಿ ಎಂದೂ ಬರವಿಲ್ಲ. ನಾಲ್ಕನೆಯ ಬಾಗಿಲು ಮಾತ್ರ ನೆನಪಿಟ್ಟುಕೊಳ್ಳಿ, ಈ ಪ್ರಕರಣದ ಗಂಟು ಅಲ್ಲೇ ಇದೆ. ಸುತ್ತು ತಿರುಗಿದವನು ಗುಂಪಿನ ಲೀಡರ್ ಥರದವನಾಗಿದ್ದ. ತಾನೇ ಮೊದಲು ನಕ್ಕ. ಅವನ ಜಾಗದಲ್ಲಿ ಆಗಷ್ಟೇ ಸೇರಿದ ಸಂಕೋಚದ ಹುಡುಗ ಇದ್ದಿದ್ದರೆ ಅದೇ ಮಾತು ಕಿರುಕುಳವಾಗುತ್ತಿತ್ತು.

ಆಮೇಲೆ ಮಾತು ಸವೆಯುತ್ತಾ ಬಂತು. ಮೊದಲ ತಿಂಗಳು ಪೂರ್ತಿ ವಾಕ್ಯ. ಮೂರನೇ ವರ್ಷದ ಹೊತ್ತಿಗೆ “ಹಿಂದೆ ಐತಿ”. ಈಗ ಬರೀ “ಐತಿ”, ಜೊತೆಗೆ ಕತ್ತನ್ನು ಹಿಂದಕ್ಕೆ ವಾಲಿಸುವ ಒಂದು ಸಣ್ಣ ಸನ್ನೆ. ಇದು ಈ ಗುಂಪಿನ ವಿಶೇಷವಲ್ಲ. ಮನಶ್ಶಾಸ್ತ್ರಜ್ಞರಾದ ಹರ್ಬರ್ಟ್ ಕ್ಲಾರ್ಕ್ ಮತ್ತು ಡಿಯಾನ ವಿಲ್ಕ್ಸ್-ಗಿಬ್ಸ್ 1986ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಇಬ್ಬರ ನಡುವೆ ಪರದೆ, ಇಬ್ಬರ ಮುಂದೆಯೂ ಅದೇ ವಿಚಿತ್ರ ಆಕಾರಗಳ ಹನ್ನೆರಡು ಚಿತ್ರ. ಒಬ್ಬರು ವರ್ಣಿಸಬೇಕು, ಇನ್ನೊಬ್ಬರು ಅದೇ ಕ್ರಮದಲ್ಲಿ ಜೋಡಿಸಬೇಕು. ಮೊದಲ ಸುತ್ತಿನಲ್ಲಿ ಮಂಜಿನ ಮೇಲೆ ಜಾರುತ್ತಿರುವವರ ಹಾಗೆ, ಎರಡು ಕೈ ಮುಂದೆ ಚಾಚಿದ ಹಾಗೆ ಎಂದು ಉದ್ದಕ್ಕೆ ಹೇಳಿದ್ದು ಕೊನೆಯ ಸುತ್ತಿಗೆ ಒಂದೆರಡು ಪದಕ್ಕೆ ಇಳಿದಿತ್ತು. ಜೊತೆಯಾಗಿ ಕೆಲಸ ಮಾಡುವವರ ಮಾತು ತಾನಾಗಿಯೇ ಚಿಕ್ಕದಾಗುತ್ತದೆ, ಯಾರೂ ಹೊರಗಿನವರಿಂದ ಮುಚ್ಚಿಡಲೆಂದು ಚಿಕ್ಕದು ಮಾಡುವುದಿಲ್ಲ. ಹೊರಗಿನವರಿಗೆ ಮಾತ್ರ ಅದು ಮುಚ್ಚಿಟ್ಟ ಹಾಗೇ ಕಾಣುತ್ತದೆ.

ಆ ಭಾನುವಾರ

ಕಾರು ನಿಲ್ಲಿಸುವಾಗಲೇ ಶುರುವಾಯಿತು. ಮನೆಯ ಗೆಳೆಯ ಮೇಲಿನಿಂದ, “ಲೇ, ಕಾರು ಹೊರಗೇ ಇರ್ಲಿ, ಒಳಗ್ ತಗಂಡ್ ಬಾ” ಅಂದ. ಅವನು ಹೇಳಿದ್ದು ಊಟಕ್ಕೆ ತಂದಿದ್ದ ಡಬ್ಬಿಯ ಬಗ್ಗೆ. ಕೆಳಗಿದ್ದ ಒಬ್ಬ “ಐತಿ” ಅಂದ. ನಾಲ್ವರೂ ಬಿದ್ದು ಬಿದ್ದು ನಕ್ಕರು. ಮೂರು ವರ್ಷದ ಹಿಂದೆ ಈ ಗುಂಪಿಗೆ ಬಂದಿದ್ದ ಇನ್ನೊಬ್ಬ ಹೆಂಡತಿಯೂ ಮುಗುಳ್ನಕ್ಕಳು. ಶಿರಸಿಯವಳು “ಏನು?” ಅಂದಳು.

ಗಂಡ ಹೇಳಲು ಶುರುಮಾಡಿದ. ಎರಡು ವಾಕ್ಯ ಆಗುವಷ್ಟರಲ್ಲಿ ಒಬ್ಬ, “ಹರಿಹರದ್ ಬಸ್ ಅಲ್ಲಲೇ, ಅದು ಹೊನ್ನಾಳಿದು” ಅಂದ. ಇನ್ನೊಬ್ಬ ಹಾಸಿಗೆ ಸುರುಳಿಯ ಬಣ್ಣ ಹೇಳಿದ. ಮೂರನೆಯವನು ಎದ್ದು ನಿಂತು ಸುತ್ತು ತಿರುಗಿ ತೋರಿಸಿದ. ನಾಲ್ಕೈದು ನಿಮಿಷ ಇದೇ ನಡೆಯಿತು, ನಡುನಡುವೆ ಅವರವರೇ ನಕ್ಕರು. ಕೊನೆಗೆ ಎಲ್ಲರೂ ಅವಳ ಮುಖ ನೋಡಿದರು. “ಓ, ಚೆನ್ನಾಗಿದೆ” ಅಂದಳು. ಇದಕ್ಕಿಂತ ಕೆಟ್ಟ ಕ್ಷಣ ಆ ಮಧ್ಯಾಹ್ನ ಬರಬಾರದಿತ್ತು, ಬಂತು, ಅದನ್ನು ಮುಂದೆ ಹೇಳುತ್ತೇವೆ.

ವಿವರಣೆ ಯಾಕೆ ಸೋತಿತು? ಅವಳಿಗೆ ಹೇಳುವ ನೆಪದಲ್ಲಿ ನಾಲ್ವರೂ ತಮ್ಮತಮ್ಮಲ್ಲೇ ಇನ್ನೊಂದು ಸುತ್ತು ನೆನಪು ಮಾಡಿಕೊಂಡರು, ಅವಳು ಪ್ರೇಕ್ಷಕಳಾದಳು. ಜೊತೆಗೆ ನಗುವಿನ ಸಾಲ ತೀರಿಸುವ ಹೊಣೆಯೂ ಅವಳ ತಲೆಗೇ ಬಂತು. ಇನ್ನೊಂದು ಆಳದ ಕಾರಣವಿದೆ. ಮೈಕಲ್ ಶೋಬರ್ ಮತ್ತು ಕ್ಲಾರ್ಕ್ 1989ರಲ್ಲಿ ಅದೇ ಬಗೆಯ ಜೋಡಿಸುವ ಆಟಕ್ಕೆ ಮೂರನೆಯವರನ್ನು ಸೇರಿಸಿದರು. ಈ ಮೂರನೆಯವರು ಮೊದಲ ಪದದಿಂದ ಕೊನೆಯ ಪದದವರೆಗೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ, ಮಾತಾಡುವಂತಿಲ್ಲ. ಒಂದೂ ಮಾತು ತಪ್ಪದೆ ಕೇಳಿದರೂ ಅವರು ಮಾತಿನಲ್ಲಿ ಪಾಲುಗೊಂಡವರಷ್ಟು ಸರಿಯಾಗಿ ಜೋಡಿಸಲಾರದೆ ಹೋದರು. ಕೇಳುವುದು ಬೇರೆ, “ಹಾಂ, ಹಾಗಾದ್ರೆ ಆ ಮೊನಚು ಇರೋದಾ?” ಎಂದು ನಡುವೆ ಬಾಯಿ ಹಾಕಿ ಅರ್ಥವನ್ನು ಒಟ್ಟಿಗೆ ಕಟ್ಟುವುದು ಬೇರೆ. ಹೊಸಬಳಿಗೆ ಕೊರತೆಯಾಗಿದ್ದು ಮಾಹಿತಿಯಾಗಿದ್ದರೆ ಐದು ನಿಮಿಷದ ಕಥೆ ಸಾಕಾಗುತ್ತಿತ್ತು. ಕೊರತೆಯಾಗಿದ್ದು ಪಾಲು.

ಗಂಡ ಗಮನಿಸಬಹುದಾಗಿದ್ದ ಗುರುತುಗಳು ಅಲ್ಲೇ ಇದ್ದವು. ಮೊದಲ ಎರಡು ಸಲ “ಏನು?” ಎಂದವಳು ಮೂರನೆಯ ಸಲದಿಂದ ಕೇಳಲಿಲ್ಲ. ಕೇಳುವುದು ನಿಂತಾಗ ಅರ್ಥವಾಗಿದೆ ಎಂದುಕೊಳ್ಳುತ್ತಾರೆ, ನಿಜಕ್ಕೂ ಅಲ್ಲಿಂದಲೇ ದೂರ ಶುರು. ನಗು ಎದ್ದಾಗ ಒಳಗಿನವರು ಒಬ್ಬರನ್ನೊಬ್ಬರು ನೋಡುತ್ತಾರೆ. ಹೊರಗಿನವಳ ಕಣ್ಣು ಒಂದು ಮುಖದಿಂದ ಇನ್ನೊಂದಕ್ಕೆ ಓಡುತ್ತದೆ, ಅವಳ ನಗು ಅರ್ಧ ಕ್ಷಣ ತಡವಾಗಿ ಬರುತ್ತದೆ. ಆಮೇಲೆ ತಟ್ಟೆ ಎತ್ತುವ ನೆಪದಲ್ಲಿ ಅಡಿಗೆಮನೆಗೆ ಹೋದಳು, ಮಜ್ಜಿಗೆಗೆ ಒಗ್ಗರಣೆ ಹಾಕುತ್ತಾ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಳು. ಗೆಳೆಯರು “ಅತ್ತಿಗೆ ಎಷ್ಟು ಹೊಂದ್ಕೊಂಡ್ಬಿಟ್ರು” ಅಂದರು.

“ಬೇಕಂತ ಮಾಡಿದ್ರಾ” ಎನ್ನುವ ಪ್ರಶ್ನೆಗೂ ಇಲ್ಲೇ ಉತ್ತರ ಹೇಳಬಹುದು. ಮನಶ್ಶಾಸ್ತ್ರಜ್ಞ ಕಿಪ್ಲಿಂಗ್ ವಿಲಿಯಮ್ಸ್ ಒಂದು ಸರಳ ಕಂಪ್ಯೂಟರ್ ಆಟ ಮಾಡಿದ್ದ. ಮೂವರು ಚೆಂಡು ಎಸೆದಾಡುತ್ತಾರೆ, ಒಂದೆರಡು ಎಸೆತದ ಮೇಲೆ ನಿಮಗೆ ಚೆಂಡು ಬರುವುದು ನಿಲ್ಲುತ್ತದೆ, ಅಷ್ಟೆ. ಕೆಲವೇ ನಿಮಿಷದಲ್ಲಿ ಜನ ತಮ್ಮ ಬೆಲೆ ಕುಗ್ಗಿತು, ಹಿಡಿತ ತಪ್ಪಿತು ಎಂದು ಹೇಳತೊಡಗುತ್ತಾರೆ. 2004ರ ಅಧ್ಯಯನವೊಂದರಲ್ಲಿ ಚೆಂಡು ಎಸೆಯುತ್ತಿರುವುದು ಬರೀ ಕಂಪ್ಯೂಟರ್ ಎಂದು ಮೊದಲೇ ತಿಳಿಸಿದ್ದವರಿಗೂ ಹಾಗೇ ಆಯಿತು. ಯಂತ್ರಕ್ಕೆ ಯಾವ ಉದ್ದೇಶವೂ ಇಲ್ಲ, ಆದರೂ ಚುಚ್ಚುತ್ತದೆ. ಹಾಗಿರುವಾಗ ಗೆಳೆಯರ ಒಳ್ಳೇ ಮನಸ್ಸಿನ ಬಗ್ಗೆ ವಾದ ಮಾಡಿ ಹೆಂಡತಿಯ ಬೇಸರ ತೆಗೆಯಲು ಹೊರಟ ಗಂಡನಿಗೆ ಗೆಲುವು ಎಲ್ಲಿಂದ ಬರಬೇಕು?

ಇಬ್ಬರದ್ದೇ ಆಗಿದ್ದ ಮಾತು

ಆ ಕೆಟ್ಟ ಕ್ಷಣಕ್ಕೆ ಬರೋಣ. ಗಂಡಹೆಂಡತಿಗೆ ಅವರದ್ದೇ ಒಂದು ಒಳಮಾತಿತ್ತು. ಮದುವೆಯಾದ ಹೊಸತರಲ್ಲಿ ಶಿರಸಿಯ ಮಾವನ ಮನೆಯಲ್ಲಿ ಅಳಿಯ “ಸ್ವಲ್ಪ ಸಾಕು” ಎಂದಾಗ ಅತ್ತೆ ಮೂರು ಸೌಟು ತಂಬುಳಿ ಸುರಿದಿದ್ದರು. ಅವನು ಮತ್ತೆ “ಸ್ವಲ್ಪ” ಅಂದ, ಮತ್ತೆ ಬಂತು. ಅವತ್ತಿನಿಂದ ಇವರಿಬ್ಬರ ನಡುವೆ “ಸ್ವಲ್ಪ ಬಡಿಸ್ಲಾ?” ಅಂದರೆ ಸಾಕಾಯಿತು, ಇಲ್ಲಿಂದ ಹೊರಡೋಣ ಎಂದರ್ಥ. ನೆಂಟರ ಗೃಹಪ್ರವೇಶ, ಆರತಕ್ಷತೆಗಳಲ್ಲಿ ಯಾರಿಗೂ ತಿಳಿಯದಂತೆ ಇದನ್ನು ಬಳಸಿ ಪಾರಾಗಿದ್ದರು.

ಜೋಡಿಗಳ ಇಂಥ ಖಾಸಗಿ ಮಾತುಗಳನ್ನು 1981ರಲ್ಲಿ ಸಂವಹನ ಸಂಶೋಧಕರಾದ ರಾಬರ್ಟ್ ಹಾಪರ್, ಮಾರ್ಕ್ ನ್ಯಾಪ್ ಮತ್ತು ಲೊರೆಲ್ ಸ್ಕಾಟ್ ವರ್ಗ ಮಾಡಿ ನೋಡಿದ್ದರು. ಮುದ್ದಿನ ಹೆಸರು, ಪ್ರೀತಿ ತೋರಿಸುವ ಮಾತು, ಕೀಟಲೆಯ ಬೈಗುಳ, ಬೇರೆಯವರಿಗೆ ಇಟ್ಟ ಅಡ್ಡಹೆಸರು, ಏನನ್ನೋ ಕೋರುವ ಸಂಕೇತ, ಹೀಗೆ. “ಸ್ವಲ್ಪ” ಕೋರಿಕೆಯ ಜಾತಿಯದು. ಗೆಳೆಯರ ಗುಂಪಿನ ಜೋಕಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. “ಐತಿ” ಇನ್ನೊಬ್ಬರಿಗೆ ತಿಳಿದರೆ ಏನೂ ಹಾಳಾಗುವುದಿಲ್ಲ, “ಸ್ವಲ್ಪ” ತಿಳಿದರೆ ಅದರ ಕೆಲಸವೇ ನಿಲ್ಲುತ್ತದೆ.

ಊಟ ಮುಗಿದು ಇನ್ನೊಂದು ಗಂಟೆ ಕಳೆದ ಮೇಲೆ ಅವಳು ಗಂಡನ ಕಡೆ ತಿರುಗಿ, “ಸ್ವಲ್ಪ ಬಡಿಸ್ಲಾ?” ಅಂದಳು. ಅವನಿಗೆ ಅರ್ಥವಾಯಿತು. ಆದರೆ ಬಂದಾಗಿನಿಂದ ಅವಳು ಹೊರಗುಳಿದಿದ್ದಾಳೆ ಎಂಬ ಅಳುಕು ಅವನಿಗೂ ಇತ್ತು. ಅವಳ ತಮಾಷೆಯನ್ನು ಗುಂಪಿಗೆ ಕೊಟ್ಟರೆ ಅವಳೂ ಒಳಗೆ ಬಂದ ಹಾಗಾಗುತ್ತದೆ ಎಂದುಕೊಂಡು, “ಲೇ ಇದೊಂದ್ ಕೇಳ್ರಿ” ಎಂದು ತಂಬುಳಿಯ ಕಥೆ ಪೂರ್ತಿ ಹೇಳಿಬಿಟ್ಟ. ಗುಂಪಿಗೆ ಭಾರೀ ಇಷ್ಟವಾಯಿತು. ಹತ್ತು ನಿಮಿಷದಲ್ಲಿ ನಾಲ್ಕು ಸಲ ಬಳಕೆಯಾಯಿತು. ಹೊರಡುವಾಗ ಬಾಗಿಲಲ್ಲಿ, “ಅತ್ತಿಗೆ, ಸ್ವಲ್ಪ ಬಡಿಸ್ಲಾ?” ಎಂದು ಒಬ್ಬ ಕೈಮುಗಿದ.

ಗಂಡನ ಲೆಕ್ಕ ಪೂರ್ತಿ ತಿರುಗುಮುರುಗು. ಗುಂಪಿನ ಮಾತಿನೊಳಗೆ ಅವಳಿಗೆ ಪ್ರವೇಶವಿಲ್ಲ, ಅವಳ ಮಾತಿನೊಳಗೆ ಗುಂಪಿಗೆ ಪ್ರವೇಶ ಸಿಕ್ಕಿತು. ಅದೂ ಅವಳ ತಾಯಿ ಬಡಿಸಿದ ರೀತಿಯ ಮೇಲೆ. ರಾತ್ರಿ ಅವಳಾಡಿದ ಮಾತಿನ ಹಿಂದೆ ಬಸ್ಸಿನ ಜೋಕಿಗಿಂತ ಇದರ ಭಾರ ಹೆಚ್ಚಿತ್ತು. ಇಂಥ ಪ್ರಕರಣಗಳಲ್ಲಿ ಎರಡು ದೂರುಗಳೂ ಒಂದೇ ವಾಕ್ಯದಲ್ಲಿ ಬರುತ್ತವೆ, ಬಿಡಿಸಿ ನೋಡದಿದ್ದರೆ ತಪ್ಪು ಕಾಯಿಲೆಗೆ ಮದ್ದು ಮಾಡಿದ ಹಾಗಾಗುತ್ತದೆ.

ಸರಿಪಡಿಸಿದ ಬಗೆ

ಮೊದಲು “ಸ್ವಲ್ಪ”. ಅದನ್ನು ಗುಂಪಿನಲ್ಲಿ ನಿಷೇಧಿಸಲು ಹೋಗಬಾರದು. ಬೇಡವೆಂದ ಮಾತಿಗೆ ರುಚಿ ಹೆಚ್ಚು. ಒಳಜೋಕು ಬದುಕುವುದು ಮರುನಗುವಿನಿಂದ. ನಗುವಿನ ಬಗ್ಗೆ ಸಂಶೋಧನೆ ಮಾಡಿದ ಮನಶ್ಶಾಸ್ತ್ರಜ್ಞ ರಾಬರ್ಟ್ ಪ್ರೊವೈನ್ ಬೀದಿ, ಮಾಲ್‌ಗಳಲ್ಲಿ 1,200 ನಗುಗಳನ್ನು ಕದ್ದು ಕೇಳಿ ದಾಖಲಿಸಿದಾಗ ಬಹುಪಾಲು ನಗು ಎದ್ದದ್ದು ಜೋಕಿಗಲ್ಲ, ತೀರಾ ಸಾಮಾನ್ಯ ಮಾತಿಗೆ ಎಂದು ಕಂಡುಕೊಂಡ. ಮಾತಿನೊಳಗಿನ ಹಾಸ್ಯಕ್ಕಿಂತ ಎದುರಿನವರ ಸ್ಪಂದನೆ ದೊಡ್ಡದು. ಹಾಗಾಗಿ ಗಂಡ ಮಾಡಿದ್ದು ಎರಡೇ ಕೆಲಸ. ಬಾಗಿಲಲ್ಲಿ ಕೈಮುಗಿದವನಿಗೆ ಒಬ್ಬನಿಗೇ ಫೋನ್ ಮಾಡಿ, ಅದು ಅತ್ತೆಯ ವಿಷಯ, ಬಿಟ್ಬಿಡು ಅಂದ. ಉಳಿದವರು ಆಡಿದಾಗ ನಗದೆ, ಮುಖ ಗಂಟಿಕ್ಕದೆ, ಮುಂದಿನ ಮಾತಿಗೆ ಹೋದ. ಮುಂದಿನ ಭೇಟಿಯಲ್ಲಿ ಒಂದೆರಡು ಸಲ ಬಂದು ಉತ್ತರ ಸಿಗದೆ ಅದು ಸತ್ತಿತು. ಆದರೆ ಗಂಡಹೆಂಡತಿಗೂ ಅದು ವಾಪಸ್ಸು ಸಿಗಲಿಲ್ಲ. ಸಂಕೇತ ಬಯಲಾದ ಮೇಲೆ ಹೊಸದೇ ಬೇಕು.

ಎರಡನೆಯದು, ಪಕ್ಕದಲ್ಲಿ ಕೂತು ಮೆಲ್ಲಗೆ ಅರ್ಥ ಹೇಳುವುದು. ಹುಟ್ಟಿದ ಕಥೆ ಬೇಡ, ಬಳಕೆ ಸಾಕು: “ಉಲ್ಟಾಪಲ್ಟಾ ಮಾತಾಡಿದ್ರೆ ಹೀಗಂತಾರೆ.” ಒಂದು ಉಸಿರಿನಲ್ಲಿ ಮುಗಿಯಬೇಕು, ಗುಂಪಿನ ಮಾತು ನಿಲ್ಲಬಾರದು, ಯಾರೂ ಅವಳ ಮುಖ ನೋಡಿ ನಗುವಿಗೆ ಕಾಯಬಾರದು. ಕಥೆ ಬೇಕೆನಿಸಿದರೆ ಮನೆಗೆ ಬಂದ ಮೇಲೆ. ಈ ವಿಧಾನಕ್ಕೂ ಮಿತಿಯಿದೆ. ಕಾಲೇಜಿನ ಹಳೆಯ ಹುಡುಗಿಯೊಬ್ಬಳಿಗೆ ಸಂಬಂಧಿಸಿದ ಮಾತೊಂದು ಈ ಗುಂಪಿನಲ್ಲಿದೆ, ಅದು ಬಂದಾಗ ನಾಲ್ವರೂ ಒಂದು ಕ್ಷಣ ತಡೆದು ಮಾತು ಬದಲಿಸಿದ್ದರು. ಆ ತಡೆದದ್ದು ಅವಳಿಗೆ ನಗುವಿಗಿಂತ ಹೆಚ್ಚು ಕೇಳಿಸಿತ್ತು. ಅರ್ಥ ಹೇಳಲಾಗದ ಜೋಕನ್ನು ಆಡದಿರುವುದೇ ಸರಿ, ಆಡಿ ಮುಚ್ಚಿಡುವುದಲ್ಲ. ಗಂಡ ಆ ವಿಷಯವನ್ನು ಅವಳಿಗೆ ತಾನೇ ಹೇಳಿದ.

ಮೂರನೆಯದೇ ನಿಜವಾಗಿ ಕೆಲಸ ಮಾಡಿದ್ದು. ಕೂತು ಹರಟುವ ಭೇಟಿಗಳಲ್ಲಿ ಹಳೇ ನೆನಪುಗಳೇ ಗೆಲ್ಲುತ್ತವೆ, ಏಕೆಂದರೆ ಅಲ್ಲಿ ಹೊಸದಾಗಿ ಏನೂ ನಡೆಯುವುದಿಲ್ಲ. ಹೊಸ ಜೋಕನ್ನು ಮಾಡಿಸಲಾಗದು, ಅದಕ್ಕೆ ಎಡೆ ಮಾಡಿಕೊಡಬಹುದು. ಎಲ್ಲರ ಕೈಗೂ ಕೆಲಸ ಬರುವ, ಸಣ್ಣದಾಗಿ ಕೆಡಬಹುದಾದ, ಹೊಸಬಳಿಗೆ ಬರುವ ಮತ್ತು ಹಳಬರಿಗೆ ಬಾರದ ಕೆಲಸ ಒಂದಿದ್ದರೆ ಸಾಕು. ಆಲೆಮನೆಯ ಕಾಲಕ್ಕೆ ಗುಂಪು ಶಿರಸಿಗೆ ಹೋಯಿತು. ಅಲ್ಲಿ ತೊಡೆದೇವು ಮಾಡಲು ಕೂತರು. ಒಲೆಯ ಮೇಲೆ ಮಡಕೆ ಬೋರಲು ಹಾಕಿ, ಕಬ್ಬಿನ ಹಾಲು ಸೇರಿದ ಅಕ್ಕಿ ಹಿಟ್ಟಿನ ತೆಳ್ಳನೆ ಸಂಪಣವನ್ನು ಬಟ್ಟೆಯಿಂದ ಬಳಿದು, ಕಾಗದದಂಥ ಹಾಳೆ ಏಳುತ್ತಿದ್ದಂತೆ ಮಡಚಬೇಕು. ಮಡಕೆ ಹೆಚ್ಚು ಕಾದರೆ ಹಿಟ್ಟು ಹಿಡಿಯುವ ಮೊದಲೇ ಸೀಯುತ್ತದೆ, ಕೈ ತಡವಾದರೆ ಹಾಳೆ ಗರಿಯಾಗಿ ಮಡಚುವಾಗ ಮುರಿಯುತ್ತದೆ. ಬಸ್ಸಿನಲ್ಲಿ ಸುತ್ತು ತಿರುಗಿದ ಅದೇ ಲೀಡರ್ ಸತತವಾಗಿ ಹರಿದ. ಅವಳು ಮುಖದಲ್ಲಿ ನಗುವೇ ಇಲ್ಲದೆ ಒಂದು ತಟ್ಟೆ ಪಕ್ಕಕ್ಕಿಟ್ಟು, “ಇದು ಪ್ರಾಕ್ಟೀಸ್ ಪ್ಲೇಟು. ಮಾಡಿದವ್ರೇ ತಿನ್ಬೇಕು” ಅಂದಳು.

ಫೈನ್ ಹೇಳಿದ ನಾಲ್ಕನೆಯ ಬಾಗಿಲು ಇಲ್ಲಿ ತೆರೆಯಿತು. ಮಾತು ಅವಳದ್ದು, ಗುರಿ ಗುಂಪಿನ ಅತಿ ಗಟ್ಟಿ ಸದಸ್ಯ. ಹೊಸಬಳನ್ನೇ ಗೇಲಿ ಮಾಡಿ ಹುಟ್ಟಿದ ಜೋಕು ಅವಳನ್ನು ಒಳಗೆ ತರುವ ಬದಲು ಒಳಗೆ ಅವಳ ಜಾಗ ಎಷ್ಟು ಕೆಳಗೆ ಎಂದು ತೋರಿಸುತ್ತದೆ. ‘ಅತ್ತಿಗೆ’ ಎಂಬ ಕರೆಯೂ ಸಹಾಯ ಮಾಡಿತು. ಮೈದುನನನ್ನು ಅತ್ತಿಗೆ ಕಾಡಿಸಬಹುದು ಎಂಬ ಸಲಿಗೆ ನಮ್ಮಲ್ಲಿ ಮೊದಲೇ ಇದೆ. ಮದುವೆಮನೆಯ ಬೀಗರ ಹಾಡಿನಲ್ಲೂ ಇದೇ ಸಲಿಗೆ: ಬೈಯುವ ಧಾಟಿ ಎರಡೂ ಕಡೆಗೆ ಗೊತ್ತಿರುತ್ತದೆ, ಎದುರಿನವರೂ ತಿರುಗಿ ಹಾಡುತ್ತಾರೆ, ಆದ್ದರಿಂದ ನಿನ್ನೆ ಮೊನ್ನೆ ಸೇರಿದ ನೆಂಟರೂ ಹೊರಗೆ ಉಳಿಯುವುದಿಲ್ಲ.

ಬೆಂಗಳೂರಿಗೆ ಬಂದ ಮೇಲೆ ಲೀಡರ್ ತನ್ನ ಕಾರಿನ ಬಾಗಿಲು ತಗ್ಗಾದ ಫೋಟೋ ಹಾಕಿದಾಗ ಇನ್ನೊಬ್ಬ ಬರೆದ: “ಪ್ರಾಕ್ಟೀಸ್ ಪ್ಲೇಟು.” ಎರಡನೇ ಬಳಕೆ ಆಯಿತು, ಜೋಕು ನಿಂತಿತು. ಈಗ ಅದು ‘ಪಿಪಿ’ ಆಗಿದೆ.

“ಐತಿ” ಮಾತ್ರ ಅವಳಿಗೆ ಇವತ್ತಿಗೂ ಒಗ್ಗಿಲ್ಲ. ಒಮ್ಮೆ ಆಡಿ ನೋಡಿದಳು, ಸಂದರ್ಭ ಸರಿಯಾಗಿಯೇ ಇತ್ತು, ಗೆಳೆಯರು ಮರ್ಯಾದೆಗೆಂಬಂತೆ ನಕ್ಕರು. ಮತ್ತೆ ಆಡಲಿಲ್ಲ, ಕೇಳಿದಾಗ ಬೇಸರವೂ ಇಲ್ಲ. ಹೆಂಡತಿಯರನ್ನೂ ಸೇರಿಸಿ ಮಾಡಿದ ಹೊಸ ವಾಟ್ಸ್ಆಪ್ ಗುಂಪು ಹಬ್ಬದ ಶುಭಾಶಯಕ್ಕೆ ಸೀಮಿತವಾಗಿ ಒಣಗಿತು. ಹಳೆಯ ಗುಂಪಿನಲ್ಲಿ ನಾಲ್ವರ ಮಾತು ನಡೆದೇ ಇದೆ, ಅದನ್ನು ಮುಚ್ಚಿಸುವ ಯೋಚನೆಯನ್ನು ಅವಳೇ ಬೇಡವೆಂದಳು.